ಯಾವ ವಾರ ಜಾಹೀರಾತು, ಯಾವ ವಾರ ಮೌನ?

1980ರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದವರಿಗೆ ಸರ್ಫ್ ಜಾಹೀರಾತಿನ ಲಲಿತಾಜಿ ನೆನಪಿರುತ್ತಾರೆ. ತರಕಾರಿಗೆ ಚೌಕಾಸಿ ಮಾಡುವ, ಆದರೆ ಬಟ್ಟೆ ಒಗೆಯುವ ಪುಡಿಗೆ ಮಾತ್ರ ಹೆಚ್ಚು ಬೆಲೆ ಕೊಡಲು ಸಿದ್ಧಳಿರುವ ಖಡಕ್ ಗೃಹಿಣಿ. ಆ ಪಾತ್ರ ಹುಟ್ಟಿದ್ದರ ಹಿಂದೆ ಇನ್ನೊಂದು ಪುಡಿಯಿತ್ತು. ಅಹಮದಾಬಾದಿನ ರಸಾಯನಶಾಸ್ತ್ರಜ್ಞ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ನಿರ್ಮಾ ತಯಾರಿಸಿ ಮನೆಮನೆಗೆ ಮಾರತೊಡಗಿದಾಗ ಅದರ ಬೆಲೆ ಸರ್ಫ್‌ನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಸರ್ಫ್ ಮಾರುತ್ತಿದ್ದ ಹಿಂದೂಸ್ಥಾನ್ ಲಿವರ್ ವರ್ಷಗಟ್ಟಲೆ ಸುಮ್ಮನಿತ್ತು. ಅಗ್ಗದ ಪುಡಿ ಕೊಳ್ಳುವವರು ಬೇರೆ, ತನ್ನ ಗಿರಾಕಿಗಳು ಬೇರೆ ಎಂಬುದು ಅದರ ಲೆಕ್ಕ. ನಿರ್ಮಾದ ಹಾಡು ರೇಡಿಯೊ, ಟಿವಿಗಳಲ್ಲಿ ಮನೆಮಾತಾಗಿ ಮಾರಾಟ ಏರಿದ ಮೇಲಷ್ಟೇ ಲಲಿತಾಜಿ ಬಂದರು. ದಶಕದ ಕೊನೆಯ ಹೊತ್ತಿಗೆ ಕಂಪನಿ ವೀಲ್ ಎಂಬ ಅಗ್ಗದ ಪುಡಿಯನ್ನೂ ಇಳಿಸಿತು.

ಮಾರುಕಟ್ಟೆಯಲ್ಲಿ ಭದ್ರವಾಗಿ ಕೂತ ಯಾವ ಕಂಪನಿಗೂ ಈ ಪೇಚು ತಪ್ಪಿದ್ದಲ್ಲ. ಸುಮ್ಮನಿದ್ದರೆ ಹೊಸಬನ ಜಾಹೀರಾತು ನೇರವಾಗಿ ಗಿರಾಕಿಯ ತಲೆಗೆ ಹೋಗುತ್ತದೆ. ವಾರವಾರವೂ ಅಬ್ಬರಿಸಿದರೆ ಹೊಸಬ ಏನೂ ಮಾಡದ ವಾರದಲ್ಲೂ ದುಡ್ಡು ಕರಗುತ್ತದೆ. ಹೊಸಬನದು ಇದಕ್ಕೆ ತದ್ವಿರುದ್ಧ ಸ್ಥಿತಿ. ಎದುರಾಳಿ ಮೈಮರೆತ ವಾರದಲ್ಲೇ ಅವನು ಏಟು ಹಾಕಬೇಕು, ಎದುರಾಳಿ ಎಚ್ಚರವಿದ್ದ ವಾರ ಹಾಕಿದ ಹಣ ನೀರುಪಾಲು. ಒಬ್ಬ ಜೊತೆಗೆ ಹೋಗಲು ನೋಡುತ್ತಾನೆ, ಇನ್ನೊಬ್ಬ ತಪ್ಪಿಸಿಕೊಳ್ಳಲು ನೋಡುತ್ತಾನೆ. ಇಂಥ ಕಡೆ ಯಾವ ನಿಶ್ಚಿತ ಯೋಜನೆಯೂ ನಿಲ್ಲದು ಎನ್ನುತ್ತದೆ ಗೇಮ್ ಥಿಯರಿ. ನಿಲ್ಲುವುದು ಏನು ಎಂಬುದನ್ನು ಅದು ಲೆಕ್ಕ ಹಾಕಿಯೂ ತೋರಿಸುತ್ತದೆ. ಆ ಲೆಕ್ಕಕ್ಕೆ ಹೈಸ್ಕೂಲಿನ ಬೀಜಗಣಿತ ಸಾಕು. ಅದರಿಂದ ಬರುವ ಉತ್ತರ ಮಾತ್ರ ಹೆಚ್ಚಿನವರ ಊಹೆಗೆ ಉಲ್ಟಾ ಇರುತ್ತದೆ.

ಎರಡು ಕಲ್ಪಿತ ಕಂಪನಿಗಳನ್ನು ತೆಗೆದುಕೊಳ್ಳೋಣ. ಒಂದು ದೊಡ್ಡದು, ಇನ್ನೊಂದು ಚಿಕ್ಕದು, ಎರಡೂ ಬಟ್ಟೆ ಒಗೆಯುವ ಪುಡಿ ಮಾರುತ್ತವೆ. ಇಬ್ಬರೂ ಸುಮ್ಮನಿದ್ದ ವಾರ ದೊಡ್ಡದಕ್ಕೆ 60 ಲಕ್ಷ ರೂಪಾಯಿ ಲಾಭ, ಚಿಕ್ಕದಕ್ಕೆ 20 ಲಕ್ಷ. ಒಂದು ವಾರದ ಜಾಹೀರಾತಿಗೆ ದೊಡ್ಡದು 10 ಲಕ್ಷ ತೆರಬೇಕು, ಚಿಕ್ಕದು 6 ಲಕ್ಷ. ಚಿಕ್ಕದು ಒಂಟಿಯಾಗಿ ಜಾಹೀರಾತು ಹಾಕಿದ ವಾರ 20 ಲಕ್ಷದಷ್ಟು ಲಾಭ ತರುವ ಗಿರಾಕಿಗಳು ದೊಡ್ಡದನ್ನು ಬಿಟ್ಟು ಅದರ ಕಡೆ ಬರುತ್ತಾರೆ. ದೊಡ್ಡದೂ ಅದೇ ವಾರ ಜಾಹೀರಾತು ಹಾಕಿದ್ದರೆ ಯಾರೂ ಕದಲುವುದಿಲ್ಲ. ಇಬ್ಬರೂ ವಾರ ಶುರುವಾಗುವ ಮುಂಚೆಯೇ, ಇನ್ನೊಬ್ಬರ ನಿರ್ಧಾರ ತಿಳಿಯದೆ, ಸಮಯ ಕಾದಿರಿಸಬೇಕು. ಆಟದ ನಿಯಮ ಇಷ್ಟೇ.

ಹಾಗಾದರೆ ನಾಲ್ಕು ಸಾಧ್ಯತೆಗಳಿವೆ. ಇಬ್ಬರೂ ಮೌನವಾಗಿದ್ದರೆ ದೊಡ್ಡದಕ್ಕೆ 60, ಚಿಕ್ಕದಕ್ಕೆ 20. ಚಿಕ್ಕದು ಮಾತ್ರ ಜಾಹೀರಾತು ಹಾಕಿದರೆ ದೊಡ್ಡದು 40ಕ್ಕೆ ಇಳಿಯುತ್ತದೆ. ಚಿಕ್ಕದು 20ಕ್ಕೆ 20 ಸೇರಿಸಿಕೊಂಡು ಖರ್ಚಿನ 6 ಕಳೆದು 34ಕ್ಕೆ ಏರುತ್ತದೆ. ಇಬ್ಬರೂ ಹಾಕಿದರೆ ಇಬ್ಬರದೂ ಖರ್ಚಷ್ಟೇ ಮಿಕ್ಕು 50 ಮತ್ತು 14. ದೊಡ್ಡದು ಮಾತ್ರ ಹಾಕಿದರೆ ಅದಕ್ಕೆ 50, ಚಿಕ್ಕದಕ್ಕೆ ಮೊದಲಿನಂತೆ 20.

ಈ ನಾಲ್ಕರಲ್ಲಿ ಯಾವುದಾದರೂ ಒಂದು ಸ್ಥಿರವಾಗಿ ನಿಲ್ಲುತ್ತದೆಯೇ? ಇಬ್ಬರೂ ಮೌನವಾಗಿದ್ದಾರೆ ಎನ್ನೋಣ. ಚಿಕ್ಕದಕ್ಕೆ 20ರಿಂದ 34ಕ್ಕೆ ಜಿಗಿಯುವ ಆಸೆ, ಅದು ಜಾಹೀರಾತು ಹಾಕುತ್ತದೆ. ಆಗ ದೊಡ್ಡದು 40ರಲ್ಲಿ ಕೂರುವ ಬದಲು ತಾನೂ ಹಾಕಿ 50 ಉಳಿಸಿಕೊಳ್ಳುತ್ತದೆ. ಈಗ ಚಿಕ್ಕದಕ್ಕೆ 14 ಮಾತ್ರ ಸಿಗುತ್ತಿದೆ, ಹಿಂದೆ ಸರಿದರೆ 20 ಸಿಗುತ್ತದೆ, ಸರಿಯುತ್ತದೆ. ಎದುರಾಳಿ ಸುಮ್ಮನಾದ ಮೇಲೆ ದೊಡ್ಡದಕ್ಕೆ ಜಾಹೀರಾತೇಕೆ? ನಿಲ್ಲಿಸಿದರೆ 60. ಅಲ್ಲಿಗೆ ಹೊರಟ ಜಾಗಕ್ಕೇ ಬಂದಂತಾಯಿತು. ನಾಲ್ಕು ಮನೆಯಲ್ಲಿ ಯಾವ ಮನೆಯಲ್ಲಿ ನಿಂತರೂ ಇಬ್ಬರಲ್ಲಿ ಒಬ್ಬರಿಗೆ ಎದ್ದು ಹೋಗುವ ಕಾರಣ ಇದ್ದೇ ಇರುತ್ತದೆ. ಹೀಗೆ ಸುತ್ತು ಮುಗಿಯದೇ ಹೋಯಿತೆಂದರೆ ಮಿಶ್ರ ತಂತ್ರವನ್ನು ಹುಡುಕಬೇಕಾದ ಆಟ ಇದು ಎಂದು ಗುರುತು.

ಎಲ್ಲ ಜಾಹೀರಾತಿನ ಪೈಪೋಟಿಯೂ ಹೀಗಿರುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದು ಅಮೆರಿಕದ ಸಿಗರೇಟು ಕಂಪನಿಗಳ ಕಥೆ. ಅಲ್ಲಿ ಎದುರಾಳಿ ಏನೇ ಮಾಡಲಿ, ಪ್ರತಿ ಕಂಪನಿಗೂ ಜಾಹೀರಾತು ಹಾಕುವುದೇ ಮೇಲು ಎಂಬ ಸ್ಥಿತಿಯಿತ್ತು. ಆದ್ದರಿಂದ ಎಲ್ಲರೂ ಹಾಕಿದರು, ಎಲ್ಲರ ದುಡ್ಡೂ ಪರಸ್ಪರರನ್ನು ಸರಿದೂಗಿಸುವುದಕ್ಕೇ ಹೋಯಿತು. 1970ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು 1971ರ ಜನವರಿ 2ರಿಂದ ಟಿವಿ, ರೇಡಿಯೊಗಳಲ್ಲಿ ಸಿಗರೇಟು ಜಾಹೀರಾತನ್ನು ನಿಷೇಧಿಸಿದಾಗ ಆ ಕಂಪನಿಗಳ ಒಟ್ಟು ಜಾಹೀರಾತು ಖರ್ಚು ಗಣನೀಯವಾಗಿ ಇಳಿಯಿತು. ಆ ಆಟಕ್ಕೆ ಒಂದೇ ಉತ್ತರವಿದೆ, ಅದು ಎದುರಿಗೇ ಕಾಣುತ್ತದೆ. ನಮ್ಮ ಪುಡಿ ಕಂಪನಿಗಳ ಆಟದಲ್ಲಿ ಹಾಗೆ ಎದುರಿಗೆ ಕಾಣುವ ಉತ್ತರವಿಲ್ಲ.

ಆದರೂ ಉತ್ತರ ಇದ್ದೇ ಇರುತ್ತದೆ ಎಂದು ಸಾಧಿಸಿದವರು ಜಾನ್ ನ್ಯಾಶ್. ಒಬ್ಬರ ಗೆಲುವು ಇನ್ನೊಬ್ಬರ ಅಷ್ಟೇ ಸೋಲಾಗಿರುವ ಆಟಗಳಿಗೆ ಜಾನ್ ಫಾನ್ ನಾಯ್ಮನ್ 1928ರಲ್ಲೇ ಇದನ್ನು ತೋರಿಸಿದ್ದರು. ನ್ಯಾಶ್ 1950ರ ಒಂದು ಪುಟ್ಟ ಟಿಪ್ಪಣಿಯಲ್ಲಿ ಇನ್ನೂ ಮುಂದೆ ಹೋದರು. ಆಟಗಾರರೂ ಅವರ ಆಯ್ಕೆಗಳೂ ಎಣಿಕೆಗೆ ಸಿಗುವಷ್ಟಿದ್ದರೆ, ಒಂದಿಷ್ಟು ಪಾಲು ಇದು, ಒಂದಿಷ್ಟು ಪಾಲು ಅದು ಎಂದು ಬೆರೆಸಿ ಆಡಲು ಅವಕಾಶ ಕೊಟ್ಟರೆ, ಯಾರಿಗೂ ಒಂಟಿಯಾಗಿ ಬದಲಾಗುವ ಕಾರಣವಿಲ್ಲದ ಸ್ಥಿತಿ ಒಂದಾದರೂ ಇರುತ್ತದೆ ಎಂದರು. ಅದನ್ನೇ ಸಮತೋಲನ ಎನ್ನುವುದು. ಬೆರಕೆಯಿಂದ ಬಂದದ್ದಾದರೆ ಮಿಶ್ರ ತಂತ್ರದ ಸಮತೋಲನ.

ಬೆರಕೆಯ ಪ್ರಮಾಣ ಎಷ್ಟು? ದೊಡ್ಡ ಕಂಪನಿ ನೂರಕ್ಕೆ ಎಷ್ಟು ವಾರ ಜಾಹೀರಾತು ಹಾಕಬೇಕು ಎಂಬುದನ್ನು ಕಂಡುಹಿಡಿಯಲು ದೊಡ್ಡ ಕಂಪನಿಯ ಲಾಭವನ್ನೇ ನೋಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ತಪ್ಪುವುದು ಇಲ್ಲೇ. ನೋಡಬೇಕಾದದ್ದು ಚಿಕ್ಕ ಕಂಪನಿಯ ಲಾಭವನ್ನು. ದೊಡ್ಡದು ತನ್ನ ವಾರಗಳನ್ನು ಹೇಗೆ ಬೆರೆಸಬೇಕೆಂದರೆ, ಚಿಕ್ಕದಕ್ಕೆ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎನ್ನುವಂತಾಗಬೇಕು. ಎರಡರಲ್ಲಿ ಒಂದು ಸ್ವಲ್ಪ ಹೆಚ್ಚು ಲಾಭ ಕೊಟ್ಟರೂ ಚಿಕ್ಕದು ಪ್ರತಿ ವಾರ ಅದನ್ನೇ ಹಿಡಿಯುತ್ತದೆ, ಮತ್ತೆ ಮೇಲಿನ ಸುತ್ತಾಟ ಶುರುವಾಗುತ್ತದೆ.

ದೊಡ್ಡದು ಜಾಹೀರಾತು ಹಾಕುವ ಸಂಭಾವ್ಯತೆಯನ್ನು p ಎನ್ನೋಣ. ಚಿಕ್ಕದು ಜಾಹೀರಾತು ಹಾಕಿದರೆ p ಪಾಲು ವಾರಗಳಲ್ಲಿ ಅದಕ್ಕೆ 14, ಉಳಿದ ವಾರಗಳಲ್ಲಿ 34. ಸುಮ್ಮನಿದ್ದರೆ ಯಾವಾಗಲೂ 20. ಎರಡನ್ನೂ ಸಮ ಮಾಡಿದರೆ:

14p + 34(1 − p) = 20

ಇದನ್ನು ಬಿಡಿಸಿದರೆ 20p = 14, ಅಂದರೆ p = 0.7. ದೊಡ್ಡದು ನೂರಕ್ಕೆ 70 ವಾರ ಜಾಹೀರಾತು ಹಾಕಬೇಕು, 30 ವಾರ ಸುಮ್ಮನಿರಬೇಕು. ಸಮೀಕರಣ ಬೇಡ ಎನ್ನುವವರು ಹೀಗೂ ನೋಡಬಹುದು: ಚಿಕ್ಕದು ಪ್ರತಿ ಸಲ 6 ಲಕ್ಷ ಹೂಡಿ 20 ಲಕ್ಷದ ಆಸೆ ಇಟ್ಟುಕೊಳ್ಳುತ್ತದೆ. ನೂರರಲ್ಲಿ 30 ಸಲ ಫಲ ಸಿಕ್ಕರೆ ಅದರ ಅಸಲು ಸರಿಹೋಗುತ್ತದೆ. ದೊಡ್ಡದರ ಮೌನ ಸರಿಯಾಗಿ ಅಷ್ಟೇ ಇರಬೇಕು.

ಇನ್ನು ಚಿಕ್ಕದರ ಪಾಲು. ಅದು ಜಾಹೀರಾತು ಹಾಕುವ ಸಂಭಾವ್ಯತೆ q ಆಗಿರಲಿ, ಈಗ ನೋಡಬೇಕಾದದ್ದು ದೊಡ್ಡದರ ಲಾಭ. ಜಾಹೀರಾತು ಹಾಕಿದರೆ ಅದಕ್ಕೆ ಹೇಗಿದ್ದರೂ 50. ಸುಮ್ಮನಿದ್ದರೆ 60, ಆದರೆ ಚಿಕ್ಕದು ಬಂದೆರಗಿದ ವಾರ 20 ಕಡಿಮೆ:

50 = 60 − 20q

q = 0.5. ಚಿಕ್ಕದು ವಾರ ಬಿಟ್ಟು ವಾರದಷ್ಟು ಜಾಹೀರಾತು ಹಾಕಬೇಕು. ವಾರ ಬಿಟ್ಟು ವಾರವೇ ಎಂದಲ್ಲ. ಹಾಗೆ ಸರದಿ ಹಿಡಿದರೆ ಎರಡನೇ ತಿಂಗಳಿಗೇ ದೊಡ್ಡದಕ್ಕೆ ಗುಟ್ಟು ಗೊತ್ತಾಗುತ್ತದೆ. ಪ್ರಮಾಣ ಅರ್ಧವಿರಬೇಕು, ಯಾವ ವಾರ ಎಂಬುದು ಮಾತ್ರ ಯಾರ ಊಹೆಗೂ ಸಿಗಬಾರದು.

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ದುಡ್ಡು ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಸಮತೋಲನದಲ್ಲಿ ದೊಡ್ಡದಕ್ಕೆ ಸರಾಸರಿ 50 ಲಕ್ಷ, ಚಿಕ್ಕದಕ್ಕೆ 20 ಲಕ್ಷ, ಒಟ್ಟು 70. ಇಬ್ಬರೂ ಮೌನವಾಗಿದ್ದಿದ್ದರೆ ಒಟ್ಟು 80 ಇರುತ್ತಿತ್ತು. ಕಾಣೆಯಾದ 10 ಲಕ್ಷ ಎಲ್ಲಿ? ದೊಡ್ಡದು ನೂರಕ್ಕೆ 70 ಸಲ 10 ಲಕ್ಷ ಸುರಿದರೆ ವಾರಕ್ಕೆ ಸರಾಸರಿ 7 ಲಕ್ಷ. ಚಿಕ್ಕದು ಅರ್ಧದಷ್ಟು ಸಲ 6 ಲಕ್ಷ ಸುರಿದರೆ 3 ಲಕ್ಷ. ಎರಡೂ ಸೇರಿ 10. ಟಿವಿ ಚಾನೆಲ್‌ಗೆ ಹೋದ ಹಣ ಅದು. ಗಮನಿಸಿ, ಇಷ್ಟೆಲ್ಲ ಹೋರಾಡಿದ ಚಿಕ್ಕ ಕಂಪನಿಗೆ ಸಿಕ್ಕಿದ್ದು ಸುಮ್ಮನಿದ್ದರೂ ಸಿಗುತ್ತಿದ್ದ 20 ಲಕ್ಷವೇ. ನಷ್ಟವೆಲ್ಲ ದೊಡ್ಡದರ ಮೇಲೆ ಬಿತ್ತು.

ಈಗ ಊಹೆಗೆ ಉಲ್ಟಾ ಇರುವ ಸಂಗತಿ. ಟಿವಿ ದರ ಏರಿ ದೊಡ್ಡ ಕಂಪನಿಯ ವಾರದ ಖರ್ಚು 10ರಿಂದ 12 ಲಕ್ಷಕ್ಕೆ ಹೋಯಿತು ಎನ್ನೋಣ, ಚಿಕ್ಕದರ ಖರ್ಚು ಹಾಗೇ ಇದೆ. ದೊಡ್ಡದು ಜಾಹೀರಾತು ಕಡಿಮೆ ಮಾಡುತ್ತದೆ ಎಂದು ಯಾವ ಅಕೌಂಟೆಂಟನೂ ಹೇಳುತ್ತಾನೆ. ಸಮೀಕರಣ ಹಾಗೆ ಹೇಳುವುದಿಲ್ಲ. ದೊಡ್ಡದರ p ನಿಂತಿರುವುದು ಚಿಕ್ಕದರ ಅಂಕಿಗಳ ಮೇಲೆ, ಅವು ಬದಲಾಗಿಲ್ಲ. p ಅದೇ 0.7. ಬದಲಾಗುವುದು ಚಿಕ್ಕದರ ನಡೆ. 48 = 60 − 20q ಆಗಿ q ಅರ್ಧದಿಂದ 0.6ಕ್ಕೆ ಏರುತ್ತದೆ. ರಕ್ಷಣೆ ದುಬಾರಿಯಾಯಿತು ಎಂದು ಗೊತ್ತಾದಾಗ ದಾಳಿ ಹೆಚ್ಚುತ್ತದೆ, ಆ ಹೆಚ್ಚಿದ ದಾಳಿಯೇ ದೊಡ್ಡದನ್ನು ಹಳೆಯ ಪ್ರಮಾಣದಲ್ಲಿ ಹಿಡಿದು ನಿಲ್ಲಿಸುತ್ತದೆ. ಹಾಗೆಯೇ ಚಿಕ್ಕದರ ಖರ್ಚು 6ರಿಂದ 8ಕ್ಕೆ ಏರಿದರೆ ಚಿಕ್ಕದು ಮೊದಲಿನಂತೆ ಅರ್ಧದಷ್ಟು ವಾರ ಜಾಹೀರಾತು ಹಾಕುತ್ತಲೇ ಇರುತ್ತದೆ. ಎದುರಾಳಿಗೆ ದಾಳಿ ತುಟ್ಟಿಯಾದದ್ದರಿಂದ ದೊಡ್ಡದು ಸಡಿಲಗೊಂಡು 70ರಿಂದ 60ಕ್ಕೆ ಇಳಿಯುತ್ತದೆ. ಕಂಪನಿಯೊಂದರ ಜಾಹೀರಾತು ಹೆಚ್ಚು ಕಡಿಮೆಯಾದದ್ದನ್ನು ಅದರ ಸ್ವಂತ ಖರ್ಚಿನಿಂದಲೇ ವಿವರಿಸಲು ಹೋದವರು ಇಂಥ ಮಾರುಕಟ್ಟೆಯಲ್ಲಿ ದಾರಿ ತಪ್ಪುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದೊಡ್ಡದಕ್ಕೆ ಹಾಕಿದರೂ 50, ಬಿಟ್ಟರೂ ಸರಾಸರಿ 50 ಎಂದಾದರೆ ಅದು 70ಕ್ಕೇ ಏಕೆ ಅಂಟಿಕೊಳ್ಳಬೇಕು? ಬೇರೆ ಪ್ರಮಾಣಕ್ಕೆ ಹೋದರೆ ಆ ಕ್ಷಣಕ್ಕೆ ನಷ್ಟವಿಲ್ಲ, ನಿಜ. ಆದರೆ ಎದುರಾಳಿ ಅದನ್ನು ಗುರುತಿಸುತ್ತಾನೆ. ದೊಡ್ಡದು ಉಳಿತಾಯದ ಆಸೆಗೆ 60ಕ್ಕೆ ಇಳಿಯಿತು ಎನ್ನೋಣ. ಆಗ ಚಿಕ್ಕದಕ್ಕೆ ಜಾಹೀರಾತಿನ ಸರಾಸರಿ ಫಲ 22 ಲಕ್ಷ, ಮೌನದ 20ಕ್ಕಿಂತ ಮೇಲು. ಅದು ಪ್ರತಿ ವಾರವೂ ಜಾಹೀರಾತು ಹಾಕತೊಡಗುತ್ತದೆ. ದೊಡ್ಡದರ ಸರಾಸರಿ 46ಕ್ಕೆ ಕುಸಿಯುತ್ತದೆ. ಗಾಬರಿಯಿಂದ 80ಕ್ಕೆ ಏರಿಸಿದರೆ ಚಿಕ್ಕದಕ್ಕೆ ಜಾಹೀರಾತಿನಿಂದ 18 ಮಾತ್ರ, ಅದು ಪೂರ್ತಿ ಸುಮ್ಮನಾಗುತ್ತದೆ. ಸುಮ್ಮನಿರುವವನ ಎದುರು ಹಾಕಿದ ಜಾಹೀರಾತೆಲ್ಲ ವ್ಯರ್ಥ ಅನಿಸಿ ದೊಡ್ಡದರ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಎರಡೂ ಕಡೆಯಿಂದ ಎಳೆತವಿಲ್ಲದ ಜಾಗ 70 ಒಂದೇ.

ಕಂಪನಿಯ ಮ್ಯಾನೇಜರುಗಳು ಸೋಮವಾರ ಬೆಳಗ್ಗೆ ನಾಣ್ಯ ಚಿಮ್ಮಿ ನಿರ್ಧರಿಸುತ್ತಾರೆಯೇ ಎಂದು ಕೇಳುವವರಿಗೆ 1973ರಲ್ಲಿ ಜಾನ್ ಹರ್ಸಾನಿ ಒಳ್ಳೆಯ ಉತ್ತರ ಕೊಟ್ಟರು. ನ್ಯಾಶ್ ಮತ್ತು ರೈನ್‌ಹಾರ್ಡ್ ಸೆಲ್ಟೆನ್ ಜೊತೆ 1994ರ ನೊಬೆಲ್ ಹಂಚಿಕೊಂಡವರು ಅವರು. ಪ್ರತಿ ಕಂಪನಿಯ ಒಳಗೂ ಹೊರಗಿನವರಿಗೆ ಕಾಣದ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ: ಈ ವಾರ ಗೋದಾಮಿನಲ್ಲಿ ಸರಕು ಹೆಚ್ಚು, ಈ ವಾರ ಚಾನೆಲ್‌ನಿಂದ ರಿಯಾಯಿತಿ, ಈ ವಾರ ಹೊಸ ಚಿತ್ರೀಕರಣ ತಡ. ಕಂಪನಿ ಆ ಕಾರಣಗಳನ್ನು ನೋಡಿ ಖಚಿತವಾಗಿಯೇ ನಿರ್ಧರಿಸುತ್ತದೆ. ಕಾರಣ ತಿಳಿಯದ ಎದುರಾಳಿಯ ಕಣ್ಣಿಗೆ ಮಾತ್ರ ಅದು ನಾಣ್ಯ ಚಿಮ್ಮಿದಂತೆ ಕಾಣುತ್ತದೆ. ಆ ವ್ಯತ್ಯಾಸಗಳು ಚಿಕ್ಕದಾದಷ್ಟೂ ಒಟ್ಟು ಪ್ರಮಾಣ ಮಿಶ್ರ ತಂತ್ರದ ಲೆಕ್ಕಕ್ಕೆ ಹತ್ತಿರವಾಗುತ್ತದೆ ಎಂದು ಹರ್ಸಾನಿ ಗಣಿತದಿಂದ ತೋರಿಸಿದರು.

ಜನ ನಿಜವಾಗಿ ಹೀಗೆ ಬೆರೆಸುತ್ತಾರೆಯೇ ಎಂಬುದನ್ನು ಪರೀಕ್ಷಿಸುವ ದಾರಿ ಸಿಕ್ಕಿದ್ದು ಮಾರುಕಟ್ಟೆಗಿಂತ ಹೆಚ್ಚಾಗಿ ಟೆನಿಸ್ ಅಂಕಣದಲ್ಲಿ. ಮಾರ್ಕ್ ವಾಕರ್ ಮತ್ತು ಜಾನ್ ವುಡರ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಪಂದ್ಯಗಳ ಸರ್ವ್‌ಗಳನ್ನು ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಎಣಿಸಿದರು. ಬೆರಕೆ ಸರಿಯಿದ್ದರೆ ಎರಡು ಗುರುತು ಕಾಣಬೇಕು. ಎಡಕ್ಕೆ ಹೊಡೆದರೂ ಬಲಕ್ಕೆ ಹೊಡೆದರೂ ಗೆಲ್ಲುವ ಪ್ರಮಾಣ ಒಂದೇ ಇರಬೇಕು, ಮತ್ತು ಹಿಂದಿನ ಹೊಡೆತದಿಂದ ಮುಂದಿನದನ್ನು ಊಹಿಸಲಾಗಬಾರದು. ಮೊದಲನೆಯದರಲ್ಲಿ ಆಟಗಾರರು ಚೆನ್ನಾಗಿ ಪಾಸಾದರು. ಎರಡನೆಯದರಲ್ಲಿ ಎಡವಿದರು. ಒಂದೇ ಕಡೆಗೆ ಸತತವಾಗಿ ಹೊಡೆಯಲು ಹಿಂಜರಿದು, ಬೇಕಾದ್ದಕ್ಕಿಂತ ಹೆಚ್ಚು ಸಲ ದಿಕ್ಕು ಬದಲಾಯಿಸುತ್ತಿದ್ದರು. ಜಾಹೀರಾತಿನ ವೇಳಾಪಟ್ಟಿ ಮಾಡುವವರೂ ಇದೇ ಎರಡು ಗುರುತುಗಳನ್ನು ತಮ್ಮ ಹಳೆಯ ದಾಖಲೆಯಲ್ಲಿ ಹುಡುಕಬಹುದು. ಜಾಹೀರಾತು ಇದ್ದ ವಾರಗಳ ನಿವ್ವಳ ಲಾಭ ಇಲ್ಲದ ವಾರಗಳದಕ್ಕಿಂತ ತೀರ ಬೇರೆಯಿದ್ದರೆ ಪ್ರಮಾಣ ತಪ್ಪಿದೆ. ಮೂರು ವಾರ ಹಾಕಿದ ಮೇಲೆ ನಾಲ್ಕನೆಯದು ಯಾವಾಗಲೂ ಖಾಲಿ ಎಂದಿದ್ದರೆ ಎದುರಾಳಿಗೆ ಕ್ಯಾಲೆಂಡರ್ ಕೊಟ್ಟಂತೆಯೇ.

ಈ ಆಟದ ಜೀವ ಇರುವುದು ಗುಟ್ಟಿನಲ್ಲಿ. 2010ರ ಫೆಬ್ರವರಿ ಕೊನೆಯಲ್ಲಿ ರಿನ್‌ನ ಜಾಹೀರಾತೊಂದು ಟೈಡ್ ನ್ಯಾಚುರಲ್ಸ್ ಪೊಟ್ಟಣವನ್ನು ಮುಚ್ಚುಮರೆಯಿಲ್ಲದೆ ತೋರಿಸಿ ಹೋಲಿಕೆ ಮಾಡಿತು. ಟೈಡ್ ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಲ್ಕತ್ತಾ ಹೈಕೋರ್ಟಿಗೆ ಹೋಗಿ ತಡೆ ತಂದಿತು. ಆದರೆ ಅಷ್ಟರಲ್ಲಿ ಜಾಹೀರಾತು ದೇಶದ ಬಾಯಲ್ಲಿತ್ತು. ಮುಂಚೆಯೇ ಗೊತ್ತಿದ್ದಿದ್ದರೆ ಎದುರಾಳಿಯ ಉತ್ತರ ಅದೇ ದಿನ ಬರುತ್ತಿತ್ತು. ನಮ್ಮ ಲೆಕ್ಕದಲ್ಲಿ ಗುಟ್ಟಿನ ಬೆಲೆಯನ್ನು ರೂಪಾಯಿಯಲ್ಲೇ ಹೇಳಬಹುದು. ಚಿಕ್ಕದರ ನಿರ್ಧಾರವನ್ನು ದೊಡ್ಡದು ಮೊದಲೇ ನೋಡಬಲ್ಲದು, ಮತ್ತು ಹಾಗೆ ನೋಡುತ್ತಿರುವುದು ಚಿಕ್ಕದಕ್ಕೂ ಗೊತ್ತು ಎನ್ನೋಣ. ಜಾಹೀರಾತು ಹಾಕಿದರೆ ಉತ್ತರ ಬಂದು 14ಕ್ಕೆ ಇಳಿಯುವುದು ಖಚಿತ, ಆದ್ದರಿಂದ ಚಿಕ್ಕದು ಸುಮ್ಮನಿದ್ದು 20 ಇಟ್ಟುಕೊಳ್ಳುತ್ತದೆ. ದೊಡ್ಡದೂ ಸುಮ್ಮನಿದ್ದು 60 ಪಡೆಯುತ್ತದೆ. ಚಿಕ್ಕದಕ್ಕೆ ಕಳೆದುಹೋದದ್ದೇನಿಲ್ಲ, ದೊಡ್ಡದಕ್ಕೆ ವಾರಕ್ಕೆ 10 ಲಕ್ಷ ಉಳಿಯಿತು. ಯಾರು ಯಾವ ಚಾನೆಲ್‌ನಲ್ಲಿ ಎಷ್ಟು ಸೆಕೆಂಡು ಜಾಹೀರಾತು ಹಾಕಿದರು ಎಂದು ದಾಖಲಿಸಿ ಮಾರುವ ಸಂಸ್ಥೆಗಳಿಗೆ ದೊಡ್ಡ ಕಂಪನಿಗಳು ಹಣ ಕೊಡುವುದರ ಹಿಂದಿನ ಅರ್ಥಶಾಸ್ತ್ರ ಇದೇ.

ಲೆಕ್ಕದ ಮಿತಿಗಳನ್ನೂ ಹೇಳಲೇಬೇಕು. ಈ ವಾರದ ಜಾಹೀರಾತು ಮುಂದಿನ ವಾರಕ್ಕೂ ನೆನಪಿನಲ್ಲಿ ಉಳಿಯುತ್ತದೆ, ನಮ್ಮ ಆಟ ಪ್ರತಿ ವಾರವನ್ನೂ ಹೊಸದೆಂದು ಎಣಿಸಿದೆ. ಎದುರಾಳಿಯ ಲಾಭದ ಅಂಕಿ ಹೊರಗಿನವರಿಗೆ ಅಂದಾಜು ಮಾತ್ರ. ಒಮ್ಮೊಮ್ಮೆ ಸೂತ್ರವೇ ಕೈಕೊಡುತ್ತದೆ: ದೊಡ್ಡದರ ಖರ್ಚು 25 ಲಕ್ಷ ಎಂದಿಟ್ಟರೆ q = 1.25 ಎಂಬ ಉತ್ತರ ಬರುತ್ತದೆ, ಒಂದಕ್ಕಿಂತ ದೊಡ್ಡ ಸಂಭಾವ್ಯತೆ ಎಂಬುದು ಇಲ್ಲ. ಅದು ಗಣಿತದ ದೋಷವಲ್ಲ. 20 ಲಕ್ಷ ಉಳಿಸಲು 25 ಲಕ್ಷ ಯಾರೂ ಸುರಿಯುವುದಿಲ್ಲ. ದೊಡ್ಡದು ಎಂದೂ ಜಾಹೀರಾತು ಹಾಕುವುದಿಲ್ಲ, ಚಿಕ್ಕದು ಯಾವಾಗಲೂ ಹಾಕುತ್ತದೆ, ಬೆರಕೆಯ ಪ್ರಶ್ನೆಯೇ ಇಲ್ಲ. ಆದ್ದರಿಂದಲೇ ಸಮೀಕರಣಕ್ಕೆ ಕೈಹಾಕುವ ಮೊದಲು ನಾಲ್ಕೂ ಮನೆ ಸುತ್ತಿ ಬರಬೇಕು.

ಓದುಗರು ಒಂದು ಹಾಳೆ ತೆಗೆದುಕೊಂಡು ಇದನ್ನು ತಾವೇ ಮಾಡಿ ನೋಡಬಹುದು. ಕೈಬದಲಾಗುವ ಲಾಭ 20ರ ಬದಲು 15 ಲಕ್ಷ ಎಂದಿಟ್ಟುಕೊಳ್ಳಿ, ಉಳಿದದ್ದೆಲ್ಲ ಹಾಗೇ ಇರಲಿ. ಚಿಕ್ಕದು ಮಾತ್ರ ಜಾಹೀರಾತು ಹಾಕಿದ ಮನೆಯಲ್ಲಿ ಈಗ 45 ಮತ್ತು 29 ಬರುತ್ತದೆ. ದೊಡ್ಡದರ ಪಾಲು ನೂರಕ್ಕೆ 60, ಚಿಕ್ಕದರ ಪಾಲು ಮೂರರಲ್ಲಿ ಎರಡು ಎಂದು ಬಂದರೆ ಲೆಕ್ಕ ಸರಿ. ಎರಡೂ ಅದಲುಬದಲಾಗಿ ಬಂದಿದ್ದರೆ, ಒಬ್ಬರ ಪ್ರಮಾಣವನ್ನು ಅವರದೇ ಲಾಭದಿಂದ ತೆಗೆದಿದ್ದೀರಿ.